ಡೀಲರುಗಳಿಗೆ ವರ್ಷಾಂತ್ಯದ ಪತ್ರ: ರಿಬೇಟ್ ಮತ್ತು ಕ್ಯಾಶ್ ಡಿಸ್ಕೌಂಟ್ ಲೆಕ್ಕವನ್ನು ತಿಳಿಯಾಗಿ ಬರೆಯುವ ಬಗೆ

ಮಂಡ್ಯದಲ್ಲಿ ಪಿವಿಸಿ ಪೈಪು ಮತ್ತು ಫಿಟಿಂಗ್ಸ್‌ಗಳ ಸಗಟು ವ್ಯಾಪಾರ ಮಾಡುವ ಅಂಗಡಿಯೊಂದರ ಲೆಕ್ಕಪತ್ರವನ್ನು ನಾನು ಹಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಮದ್ದೂರು, ಮಳವಳ್ಳಿ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಡೀಲರುಗಳು ನಮ್ಮಲ್ಲಿ ಸರಕು ಕೊಳ್ಳುತ್ತಾರೆ. ವರ್ಷದ ಒಟ್ಟು ಖರೀದಿಗೆ ತಕ್ಕಂತೆ ಅವರಿಗೆ ರಿಬೇಟ್ ಕೊಡುತ್ತೇವೆ, ಬೇಗ ಹಣ ಕಟ್ಟಿದರೆ ಕ್ಯಾಶ್ ಡಿಸ್ಕೌಂಟ್ ಕೊಡುತ್ತೇವೆ. ಒಂದು ವರ್ಷ ರಿಬೇಟಿನ ಬಗ್ಗೆ ನಮ್ಮ ಪತ್ರದಲ್ಲಿ ‘10 ಲಕ್ಷದ ಮೇಲೆ ಶೇ. 1, 20 ಲಕ್ಷದ ಮೇಲೆ ಶೇ. 1.5’ ಎಂದಷ್ಟೇ ಬರೆದಿದ್ದೆವು. 22 ಲಕ್ಷದ ಸರಕು ಎತ್ತಿದ್ದ ಡೀಲರೊಬ್ಬರು 33,000 ರೂಪಾಯಿ ಬರುತ್ತದೆಂದು ಕಾದಿದ್ದರು. ನಾವು ಅವರ ಖಾತೆಗೆ ಜಮೆ ಮಾಡಿದ್ದು 13,000. ಇಬ್ಬರ ಗುಣಾಕಾರದಲ್ಲೂ ತಪ್ಪಿರಲಿಲ್ಲ. ‘ಮೇಲೆ’ ಎಂಬ ಒಂದೇ ಪದವನ್ನು ಅವರು ಒಂದು ರೀತಿಯಲ್ಲಿ, ನಾವು ಇನ್ನೊಂದು ರೀತಿಯಲ್ಲಿ ಓದಿಕೊಂಡಿದ್ದೆವು. ಕೊನೆಗೆ ಮಾಲೀಕರು ಅವರು ಕೇಳಿದಷ್ಟನ್ನೇ ಕೊಟ್ಟರು. ಅಂದಿನಿಂದ ಈ ಪತ್ರವನ್ನು ನಾನು ಒಂದೇ ಪರೀಕ್ಷೆಗೆ ಒಡ್ಡುತ್ತೇನೆ: ಡೀಲರು ನಮಗೆ ಫೋನ್ ಮಾಡದೆ, ತಮ್ಮ ಲೆಡ್ಜರನ್ನೂ ಕ್ಯಾಲ್ಕ್ಯುಲೇಟರನ್ನೂ ಇಟ್ಟುಕೊಂಡು, ನಾವು ಕೊಡಲಿರುವ ಮೊತ್ತವನ್ನೇ ರೂಪಾಯಿ ಲೆಕ್ಕದಲ್ಲಿ ಕಂಡುಕೊಳ್ಳಲು ಸಾಧ್ಯವೇ?

ಕೆಳಗಿನ ದರ, ಅವಧಿ ಮತ್ತು ಮೊತ್ತಗಳು ಉದಾಹರಣೆಗಾಗಿ ಇಟ್ಟುಕೊಂಡವು. ನಿಮ್ಮ ಅಂಗಡಿಯ ಅಂಕಿಗಳನ್ನು ಅವುಗಳ ಜಾಗದಲ್ಲಿ ಹಾಕಿಕೊಂಡರೆ ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಪತ್ರ ಹೊರಡಬೇಕಾದ ಹೊತ್ತು

ಏಪ್ರಿಲ್‌ನಲ್ಲಿ ಕಳಿಸುವ ಪತ್ರ ಆಗಿಹೋದದ್ದರ ಲೆಕ್ಕವನ್ನಷ್ಟೇ ಹೇಳುತ್ತದೆ. ಡೀಲರು ಏನಾದರೂ ಮಾಡಬಹುದಾದ ಕಾಲ ಮಾರ್ಚ್ 31ಕ್ಕೆ ಮುಗಿದಿರುತ್ತದೆ. ಆದ್ದರಿಂದ ಫೆಬ್ರುವರಿ 20ರವರೆಗಿನ ಲೆಕ್ಕ ತೆಗೆದು, ತಿಂಗಳ ಕೊನೆಯೊಳಗೆ ಪತ್ರ ಕೈಸೇರುವಂತೆ ಮಾಡಬೇಕು. ನಿಯಮಗಳು ಎಲ್ಲರಿಗೂ ಒಂದೇ ಇದ್ದರೂ ಅಂಕಿಗಳು ಆಯಾ ಡೀಲರಿನವೇ ಆಗಿರಬೇಕು; ಎಲ್ಲರಿಗೂ ಒಂದೇ ಪ್ರತಿಯನ್ನು ವಾಟ್ಸ್ಆ್ಯಪ್‌ನಲ್ಲಿ ಹರಿಯಬಿಟ್ಟರೆ ಅದನ್ನು ಓದುವವರು ಕಡಿಮೆ.

ಮೊದಲ ಹೆಜ್ಜೆ: ‘ವಹಿವಾಟು’ ಎಂದರೆ ಏನೆಂದು ಬರೆಯುವುದು

ಸ್ಲ್ಯಾಬ್ ಬರೆಯುವ ಮೊದಲು, ಸ್ಲ್ಯಾಬನ್ನು ಯಾವ ಮೊತ್ತಕ್ಕೆ ಅನ್ವಯಿಸುತ್ತೀರಿ ಎಂಬುದನ್ನು ಹೇಳಬೇಕು. ಡೀಲರು ತಮ್ಮ ಪುಸ್ತಕದಲ್ಲಿ ನೋಡುವುದು ಬಿಲ್ಲಿನ ಕೊನೆಯ ಮೊತ್ತವನ್ನು, ಅಂದರೆ ಜಿಎಸ್‌ಟಿ ಸೇರಿದ ಮೊತ್ತವನ್ನು. ಪಿವಿಸಿ ಪೈಪಿಗೆ ಜಿಎಸ್‌ಟಿ ಶೇ. 18 ಇರುವುದರಿಂದ, 20 ಲಕ್ಷದ ಸರಕು ಅವರ ಪುಸ್ತಕದಲ್ಲಿ 23 ಲಕ್ಷ 60 ಸಾವಿರವಾಗಿ ಕಾಣುತ್ತದೆ. 17 ಲಕ್ಷದ ಸರಕು ಕೊಂಡವರ ಲೆಡ್ಜರಿನಲ್ಲೂ 20 ಲಕ್ಷ ದಾಟಿದ ಅಂಕಿಯೇ ಇರುತ್ತದೆ. ‘ನಾನು 20 ದಾಟಿದ್ದೇನೆ’ ಎಂದು ಅವರು ವಾದಿಸಿದರೆ ಅದು ಮೋಸವಲ್ಲ, ನಮ್ಮ ಪತ್ರದ ಲೋಪ.

ಆದ್ದರಿಂದ ಪತ್ರದ ಮೊದಲ ನಿಯಮ ಹೀಗಿರಲಿ: ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಬಿಲ್ಲುಗಳಲ್ಲಿ ಜಿಎಸ್‌ಟಿಗೆ ಮೊದಲು ಇರುವ ಸರಕಿನ ಬೆಲೆಯನ್ನು ಕೂಡಿ, ಅದರಿಂದ ವಾಪಸು ಬಂದ ಸರಕಿನ ಬೆಲೆಯನ್ನೂ ನೆಟ್ ದರದಲ್ಲಿ ಕೊಟ್ಟ ಸರಕಿನ ಬೆಲೆಯನ್ನೂ ಕಳೆದ ಮೇಲೆ ಉಳಿಯುವುದೇ ವಹಿವಾಟು. ನೆಟ್ ದರ ಎಂದರೆ ರಿಬೇಟಿನ ಲಾಭವನ್ನು ಮೊದಲೇ ಬೆಲೆಯಲ್ಲಿ ಇಳಿಸಿಕೊಟ್ಟ ದರ. ಅಂಥ ಬಿಲ್ಲಿನ ಮೇಲೆ ‘ನೆಟ್’ ಎಂದು ಅಚ್ಚಾಗಿರದಿದ್ದರೆ ವರ್ಷದ ಕೊನೆಯಲ್ಲಿ ಅದನ್ನು ಕಳೆಯಲು ನಮಗೆ ಹಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ. ವ್ಯಾಪಾರ ನಡೆಯುವಾಗ ಹೇಳದೆ ಲೆಕ್ಕದ ದಿನ ಹೇಳುವ ಮಾತು ಯಾರಿಗೂ ರುಚಿಸುವುದಿಲ್ಲ. ಡೀಲರು ಪಡೆದ ಕ್ಯಾಶ್ ಡಿಸ್ಕೌಂಟನ್ನು ವಹಿವಾಟಿನಿಂದ ಕಳೆಯುತ್ತೀರೋ ಇಲ್ಲವೋ ಎಂಬುದನ್ನೂ ಒಂದು ವಾಕ್ಯದಲ್ಲಿ ತಿಳಿಸಬೇಕು. ನಾವು ಕಳೆಯುವುದಿಲ್ಲ. ಬೇಗ ಹಣ ಕೊಟ್ಟವರ ವಹಿವಾಟು ಅದೇ ಕಾರಣಕ್ಕೆ ಕಡಿಮೆಯಾಗಿ ಕಾಣಬಾರದು.

ಎರಡನೆಯ ಹೆಜ್ಜೆ: ಸ್ಲ್ಯಾಬ್ ಇಡೀ ಮೊತ್ತಕ್ಕೋ, ಮೇಲಿನ ಭಾಗಕ್ಕೋ

ನಮ್ಮ ಉದಾಹರಣೆಯ ಸ್ಲ್ಯಾಬುಗಳು ಇವು. 10 ಲಕ್ಷಕ್ಕಿಂತ ಕಡಿಮೆ ವಹಿವಾಟಿಗೆ ರಿಬೇಟ್ ಇಲ್ಲ. 10 ಲಕ್ಷ ಮುಟ್ಟಿದರೆ ಶೇ. 1, 20 ಲಕ್ಷ ಮುಟ್ಟಿದರೆ ಶೇ. 1.5, 35 ಲಕ್ಷ ಮುಟ್ಟಿದರೆ ಶೇ. 2.

ಇವನ್ನು ಎರಡು ರೀತಿಯಲ್ಲಿ ಅನ್ವಯಿಸಬಹುದು. ಇಡೀ ಮೊತ್ತದ ಪದ್ಧತಿಯಲ್ಲಿ, 22 ಲಕ್ಷ ಮುಟ್ಟಿದವರಿಗೆ ಮೊದಲ ರೂಪಾಯಿಯಿಂದಲೇ ಶೇ. 1.5 ಸಿಗುತ್ತದೆ, ಅದು 33,000 ರೂಪಾಯಿ. ಹಂತದ ಪದ್ಧತಿಯಲ್ಲಿ, ಮೊದಲ 10 ಲಕ್ಷಕ್ಕೆ ಏನೂ ಇಲ್ಲ, ಮುಂದಿನ 10 ಲಕ್ಷಕ್ಕೆ ಶೇ. 1ರಂತೆ 10,000, ಕೊನೆಯ 2 ಲಕ್ಷಕ್ಕೆ ಶೇ. 1.5ರಂತೆ 3,000, ಒಟ್ಟು 13,000. ಅಂದು ನಮ್ಮ ಅಂಗಡಿಯಲ್ಲಿ ಮಾತು ಬೆಳೆದದ್ದು ಈ 20,000 ರೂಪಾಯಿಯ ಅಂತರದಲ್ಲೇ. ಯಾವ ಪದ್ಧತಿಯಾದರೂ ಸರಿ, ಪತ್ರದಲ್ಲಿ ‘ಮೇಲೆ’ ಎಂಬ ಪದವನ್ನು ಬಿಟ್ಟು ‘20 ಲಕ್ಷ ಮುಟ್ಟಿದರೆ ಮೊದಲ ರೂಪಾಯಿಯಿಂದ ಇಡೀ ವಹಿವಾಟಿಗೆ ಶೇ. 1.5’ ಎಂದು ಪೂರ್ತಿ ಬರೆಯಿರಿ. ಜೊತೆಗೆ 22 ಲಕ್ಷದ ಲೆಕ್ಕವೊಂದನ್ನು ಮಾಡಿ ತೋರಿಸಿ.

ನಾವು ಈಗ ಇಡೀ ಮೊತ್ತದ ಪದ್ಧತಿಯನ್ನು ಅನುಸರಿಸುತ್ತೇವೆ, ಏಕೆಂದರೆ ಅದನ್ನು ಬಾಯಿಲೆಕ್ಕದಲ್ಲೇ ಹೇಳಬಹುದು. ಆದರೆ ಅದರಲ್ಲಿ ಒಂದು ಕಡಿದಾದ ಮೆಟ್ಟಿಲಿದೆ. 19,60,000ಕ್ಕೆ ನಿಂತವರಿಗೆ 19,600 ರೂಪಾಯಿ. ಇನ್ನು 40,000ದ ಸರಕು ಎತ್ತಿದರೆ 30,000 ರೂಪಾಯಿ. ನಲವತ್ತು ಸಾವಿರದ ಖರೀದಿಗೆ 10,400 ರೂಪಾಯಿ ಹೆಚ್ಚುವರಿ ರಿಬೇಟ್ ಸಿಗುವುದರಿಂದ, ಮಾರ್ಚ್ ಕೊನೆಯ ವಾರದಲ್ಲಿ ಬಿಲ್ ಮಾಡಿಸಿ ಏಪ್ರಿಲ್‌ನಲ್ಲಿ ಸರಕನ್ನು ವಾಪಸು ಕಳಿಸುವ ಆಸೆ ಹುಟ್ಟುತ್ತದೆ. ಇದಕ್ಕೆ ಮದ್ದು ಒಂದೇ ವಾಕ್ಯ: ಮಾರ್ಚ್ ತಿಂಗಳ ಬಿಲ್ಲಿನ ಸರಕು ಏಪ್ರಿಲ್ 30ರೊಳಗೆ ವಾಪಸು ಬಂದರೆ ಅದನ್ನು ಹಳೆಯ ವರ್ಷದ ವಹಿವಾಟಿನಿಂದಲೇ ಕಳೆಯಲಾಗುವುದು. ಈ ವಾಕ್ಯವನ್ನು ಫೆಬ್ರುವರಿಯಲ್ಲೇ ಹೇಳಿರಬೇಕು.

ಇನ್ನು ಪ್ರತಿ ಡೀಲರಿಗೆ ಅವರು ನಿಂತಿರುವ ಜಾಗವನ್ನು ತೋರಿಸುವುದು. ಮದ್ದೂರು ಕಡೆಯ ಒಂದು ಅಂಗಡಿಯ ಲೆಕ್ಕ ಹೀಗಿದೆ ಎಂದುಕೊಳ್ಳೋಣ. ಫೆಬ್ರುವರಿ 20ರವರೆಗೆ ಬಿಲ್ಲುಗಳ ಮೊತ್ತ 20,20,000. ವಾಪಸು ಬಂದ ಸರಕು 48,000. ನೆಟ್ ದರದ ಸರಕು 1,12,000. ಉಳಿದ ವಹಿವಾಟು 18,60,000. ಎರಡನೆಯ ಸ್ಲ್ಯಾಬಿಗೆ 1,40,000 ಬಾಕಿ. ಕಳೆದ ವರ್ಷ ಇದೇ ಸುಮಾರು ನಲವತ್ತು ದಿನಗಳಲ್ಲಿ ಅವರು ಕೊಂಡದ್ದು 90,000. ಈ ವರ್ಷವೂ ಅಷ್ಟೇ ಕೊಂಡರೆ 19,50,000ಕ್ಕೆ ನಿಲ್ಲುತ್ತಾರೆ, ಸಿಗುವ ರಿಬೇಟ್ 19,500. ಇನ್ನೂ 50,000ದ ಸರಕು ಎತ್ತಿದರೆ 30,000. ಹೆಚ್ಚಿಗೆ ಬರುವುದು 10,500. ಆ ಸರಕಿಗೆ ಜಿಎಸ್‌ಟಿ ಸೇರಿ 59,000 ರೂಪಾಯಿ ತೊಡಗಿಸಬೇಕಾಗುತ್ತದೆ. ಅದು ಮೂರು ತಿಂಗಳು ಗೋದಾಮಿನಲ್ಲೇ ಕುಳಿತರೂ ಬ್ಯಾಂಕಿನ ಶೇ. 12ರ ಬಡ್ಡಿಯಲ್ಲಿ ಆಗುವ ಖರ್ಚು 1,770. ಆದ್ದರಿಂದ ಅವರಿಗೆ ಈ ಖರೀದಿ ಲಾಭದ್ದೇ.

ಆದರೆ ಇದೇ ಸಲಹೆಯನ್ನು ಎಲ್ಲರಿಗೂ ಕೊಡಬಾರದು. ವರ್ಷದ ಕೊನೆಗೆ 17 ಲಕ್ಷ ಮುಟ್ಟಬಹುದಾದ ಡೀಲರು 20 ಲಕ್ಷಕ್ಕೆ ಏರಲು 3 ಲಕ್ಷದ ಸರಕು ಎತ್ತಬೇಕು. ಅವರ ರಿಬೇಟ್ 17,000ದಿಂದ 30,000ಕ್ಕೆ ಏರಿ, 13,000 ಹೆಚ್ಚಾಗುತ್ತದೆ. ಜಿಎಸ್‌ಟಿ ಸೇರಿ 3,54,000 ರೂಪಾಯಿಯನ್ನು ಅದೇ ಶೇ. 12ರ ಬಡ್ಡಿಗೆ ಆರು ತಿಂಗಳು ಕಟ್ಟಿಹಾಕಿದರೆ 21,240 ರೂಪಾಯಿ ಬಡ್ಡಿ. ಅಲ್ಲಿಗೆ 8,240 ರೂಪಾಯಿ ಕೈಬಿಡುತ್ತದೆ. ಇಂಥವರಿಗೆ ಪತ್ರದಲ್ಲಿ ‘ಸ್ಲ್ಯಾಬಿಗಾಗಿ ಮಾತ್ರ ಸರಕು ತುಂಬಬೇಡಿ’ ಎಂದು ಬರೆಯಬೇಕೆಂದು ನಾನು ಹೇಳಿದಾಗ ಮಾಲೀಕರು ಮೊದಲು ಒಪ್ಪಲಿಲ್ಲ. ಆದರೆ ತುಂಬಿಸಿಕೊಂಡ ಡೀಲರು ನಾಲೆಯ ನೀರು ಬಿಡುವುದು ತಡವಾದರೆ, ಕಬ್ಬಿನ ಹಣ ರೈತರ ಕೈಗೆ ತಡವಾಗಿ ಬಂದರೆ, ಮೊದಲು ತಡೆಹಿಡಿಯುವುದು ನಮ್ಮ ಬಿಲ್ಲನ್ನೇ.

ಮೂರನೆಯ ಹೆಜ್ಜೆ: ಕ್ಯಾಶ್ ಡಿಸ್ಕೌಂಟನ್ನು ಬಡ್ಡಿಯ ಭಾಷೆಯಲ್ಲಿ ಹೇಳುವುದು

ರಿಬೇಟ್ ಕೊಂಡ ಸರಕಿಗೆ ಕೊಡುವುದು, ಕ್ಯಾಶ್ ಡಿಸ್ಕೌಂಟ್ ಬೇಗ ಕೊಟ್ಟ ಹಣಕ್ಕೆ ಕೊಡುವುದು. ಎರಡನ್ನೂ ಒಂದೇ ಪ್ಯಾರಾದಲ್ಲಿ ಬೆರೆಸಿದರೆ ಒಂದು ಸಿಕ್ಕಿದರೆ ಇನ್ನೊಂದಿಲ್ಲ ಎಂದು ಓದುಗರು ತಿಳಿಯುತ್ತಾರೆ. ನಮ್ಮಲ್ಲಿ ಎರಡೂ ಸಿಗುತ್ತವೆ. ಅದನ್ನು ಬಿಡಿಸಿ ಹೇಳಬೇಕು.

ನಿಯಮ ಇದು: ಬಿಲ್ಲಿನ ತಾರೀಖಿನಿಂದ 7 ದಿನಗಳೊಳಗೆ ಹಣ ಬಂದರೆ ಶೇ. 2, 21 ದಿನಗಳೊಳಗೆ ಬಂದರೆ ಶೇ. 1, ಆಮೇಲೆ ಡಿಸ್ಕೌಂಟ್ ಇಲ್ಲ. 45ನೆಯ ದಿನ ಗಡುವು. ನೆಟ್ ದರದ ಬಿಲ್ಲಿಗೆ ಇದು ಅನ್ವಯಿಸುವುದಿಲ್ಲ. ಡಿಸ್ಕೌಂಟನ್ನು ಲೆಕ್ಕ ಹಾಕುವುದು ಸರಕಿನ ಬೆಲೆಯ ಮೇಲೆ, ಜಿಎಸ್‌ಟಿ ಸೇರಿದ ಮೊತ್ತದ ಮೇಲಲ್ಲ. ಒಂದು ಲಕ್ಷದ ಸರಕಿಗೆ 18,000 ಜಿಎಸ್‌ಟಿ ಸೇರಿ ಬಿಲ್ 1,18,000 ಆಗುತ್ತದೆ. ಏಳು ದಿನಗಳೊಳಗಾದರೆ 2,000 ಕಳೆದು 1,16,000 ಕಟ್ಟಬೇಕು, ಇಪ್ಪತ್ತೊಂದು ದಿನಗಳೊಳಗಾದರೆ 1,17,000, ಆಮೇಲೆ ಪೂರ್ತಿ 1,18,000. ಇದನ್ನು ಸ್ಪಷ್ಟಪಡಿಸದಿದ್ದರೆ ಡೀಲರು 1,18,000ಕ್ಕೆ ಶೇ. 2 ಎಂದು 2,360 ಕಳೆದು ಹಣ ಹಾಕುತ್ತಾರೆ. ಬಿಲ್ಲೊಂದಕ್ಕೆ 360 ರೂಪಾಯಿಯ ಈ ವ್ಯತ್ಯಾಸ ವರ್ಷಪೂರ್ತಿ ಲೆಡ್ಜರಿನ ಬಾಲದಲ್ಲಿ ಜೋತುಬಿದ್ದಿರುತ್ತದೆ. ಖಾತೆ ತಾಳೆ ನೋಡುವಾಗ ಬಿಡಿ ಬಿಡಿಯಾಗಿ 360, 540, 180 ಎಂಬ ಬಾಕಿಗಳು ಕಂಡರೆ ಕಾರಣ ಬಹುತೇಕ ಇದೇ.

ಈಗ ಉಳಿತಾಯದ ಮಾತು. ‘ಶೇ. 2 ಉಳಿಸಿ’ ಎಂದು ಬರೆದರೆ ಸಾಲದು, ಏಕೆಂದರೆ ಮಂಡ್ಯ ಜಿಲ್ಲೆಯ ಡೀಲರು ಸ್ವತಃ ಉದ್ರಿ ಕೊಡುವವರು. ಕಾರ್ಖಾನೆಯಿಂದ ಕಬ್ಬಿನ ಹಣ ಬರುವವರೆಗೂ ರೈತರ ಬಾಕಿಯನ್ನು ಹೊತ್ತಿರುತ್ತಾರೆ. ಅವರು ಏಳನೆಯ ದಿನವೇ ಹಣ ಕಟ್ಟಬೇಕಾದರೆ ಎಲ್ಲಿಂದಲೋ ತರಬೇಕು. ಅವರ ಮನಸ್ಸಿನಲ್ಲಿರುವ ಪ್ರಶ್ನೆ, ತಂದ ಹಣದ ಬಡ್ಡಿಗಿಂತ ಈ ಎರಡು ಸಾವಿರ ದೊಡ್ಡದೇ ಎಂಬುದು. ಪತ್ರ ಇದಕ್ಕೆ ಉತ್ತರಿಸಬೇಕು.

ಏಳನೆಯ ದಿನದಿಂದ ನಲವತ್ತೈದನೆಯ ದಿನಕ್ಕೆ 38 ದಿನಗಳ ಅಂತರ. ಹಣ ಕರೆಂಟ್ ಖಾತೆಯಲ್ಲಿ ಬಡ್ಡಿಯಿಲ್ಲದೆ ಕುಳಿತಿದ್ದರೆ ಪೂರ್ತಿ 2,000 ಲಾಭ. ಬ್ಯಾಂಕಿನ ಓಡಿ ಖಾತೆಯಿಂದ ಶೇ. 12ರ ಬಡ್ಡಿಗೆ 1,16,000 ತೆಗೆದರೆ 38 ದಿನಗಳಿಗೆ ಬಡ್ಡಿ ಸುಮಾರು 1,449, ಉಳಿಯುವುದು 551. ವರ್ಷಕ್ಕೆ ಶೇ. 18ರ ಸಾಲವಾದರೆ ಬಡ್ಡಿ ಸುಮಾರು 2,174. ಡಿಸ್ಕೌಂಟ್ ಪಡೆದೂ 174 ರೂಪಾಯಿ ನಷ್ಟ. ಹೊರಗೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಯಂತೆ ತಂದರೆ ಬಡ್ಡಿಯೇ ಸುಮಾರು 2,898. ಶೇ. 2ರ ಡಿಸ್ಕೌಂಟ್ ಸರಿತೂಗುವುದು ವರ್ಷಕ್ಕೆ ಸುಮಾರು ಶೇ. 16.5ರ ಬಡ್ಡಿಗೆ, ಅದಕ್ಕಿಂತ ಅಗ್ಗದ ಹಣವಿದ್ದರೆ ಏಳು ದಿನದಲ್ಲಿ ಕಟ್ಟುವುದು ಲಾಭ, ದುಬಾರಿಯಾದರೆ ನಲವತ್ತೈದನೆಯ ದಿನ ಕಟ್ಟುವುದೇ ಲೇಸು. ಈ ಮಾತನ್ನು ಸಗಟು ವ್ಯಾಪಾರಿಯೇ ಬರೆದು ಕೊಟ್ಟರೆ ಮುಂದಿನ ಬಿಲ್ಲುಗಳ ಹಣ ಯಾವಾಗ ಬರುತ್ತದೆಂಬ ಅಂದಾಜೂ ನಮಗೆ ನಿಖರವಾಗಿ ಸಿಗುತ್ತದೆ.

ಈ ಲೆಕ್ಕವನ್ನು ಮಾಡುತ್ತಾ ಹೋದಾಗ ನಮ್ಮದೇ ಸ್ಲ್ಯಾಬಿನ ಒಂದು ದೌರ್ಬಲ್ಯವೂ ಬಯಲಾಯಿತು. ಇಪ್ಪತ್ತೊಂದನೆಯ ದಿನ ಶೇ. 1 ಪಡೆಯಲು 1,17,000ವನ್ನು 24 ದಿನ ಮೊದಲೇ ಕಟ್ಟಬೇಕು. ಶೇ. 12ರಲ್ಲಿ ಅದರ ಬಡ್ಡಿ ಸುಮಾರು 923. ಡೀಲರಿಗೆ ಉಳಿಯುವುದು 77 ರೂಪಾಯಿ. ಓಡಿ ಬಡ್ಡಿ ಶೇ. 13 ಮುಟ್ಟಿದರೆ ಅದೂ ಇಲ್ಲ. ಮಧ್ಯದ ಸ್ಲ್ಯಾಬನ್ನು ಸಾಲದ ಹಣದಿಂದ ಹಿಡಿಯುವವರು ಸಿಗುವುದಿಲ್ಲ, ಕೈಯಲ್ಲಿ ಹಣವಿದ್ದವರಷ್ಟೇ ಹಿಡಿಯುತ್ತಾರೆ. ನಿಮ್ಮ ಸ್ಲ್ಯಾಬುಗಳನ್ನು ಅಚ್ಚು ಹಾಕಿಸುವ ಮೊದಲು ಇದೇ ರೀತಿ ತೂಗಿ ನೋಡಿ.

ದಿನ ಎಣಿಸುವ ಕ್ರಮವನ್ನೂ ಬರೆಯಬೇಕು. ಬಿಲ್ಲಿನ ತಾರೀಖನ್ನು ಸೊನ್ನೆಯ ದಿನವೆಂದು ಹಿಡಿದು, ಮರುದಿನವನ್ನು ಒಂದು ಎಂದು ಎಣಿಸುತ್ತೇವೆ. ಮಾರ್ಚ್ 3ರ ಬಿಲ್ಲಿಗೆ ಏಳನೆಯ ದಿನ ಮಾರ್ಚ್ 10. ಆರ್‌ಟಿಜಿಎಸ್, ನೆಫ್ಟ್, ಯುಪಿಐ ಆದರೆ ನಮ್ಮ ಖಾತೆಗೆ ಹಣ ಬಿದ್ದ ದಿನ. ಚೆಕ್ ಆದರೆ ನಮ್ಮ ಕೈಗೆ ಬಂದ ದಿನ, ಆದರೆ ಅದು ಪಾಸಾಗದಿದ್ದರೆ ಡಿಸ್ಕೌಂಟ್ ರದ್ದು. ಏಳನೆಯ ದಿನ ಬ್ಯಾಂಕ್ ರಜೆಯಾದರೆ ಮುಂದಿನ ಕೆಲಸದ ದಿನ.

ಮತ್ತೊಂದು ಜಗಳದ ಮೂಲ, ಬಿಲ್ ನಂಬರ್ ಹೇಳದೆ ಹಾಕುವ ಒಟ್ಟು ಹಣ. ಡೀಲರು ನಿನ್ನೆಯ ಬಿಲ್ಲಿಗೆಂದು ಒಂದೂವರೆ ಲಕ್ಷ ಹಾಕುತ್ತಾರೆ, ನಮ್ಮ ಲೆಕ್ಕದವರು ಅದನ್ನು ಹಳೆಯ ಬಿಲ್ಲಿಗೆ ಜಮೆ ಮಾಡಿಕೊಳ್ಳುತ್ತಾರೆ, ಡಿಸ್ಕೌಂಟ್ ಹೋಗುತ್ತದೆ. ಬಿಲ್ ನಂಬರ್ ತಿಳಿಸಿದರೆ ಅದೇ ಬಿಲ್ಲಿಗೆ, ತಿಳಿಸದಿದ್ದರೆ ಅತ್ಯಂತ ಹಳೆಯ ಬಿಲ್ಲಿಗೆ ಎಂದೂ, 45 ದಿನ ದಾಟಿದ ಬಾಕಿ ಇರುವಾಗ ಹೊಸ ಬಿಲ್ಲಿಗೆ ಡಿಸ್ಕೌಂಟ್ ಇಲ್ಲವೆಂದೂ ಬರೆದರೆ ಈ ಗೋಜಲು ತಪ್ಪುತ್ತದೆ.

ನಾಲ್ಕನೆಯ ಹೆಜ್ಜೆ: ಯಾವ ರೂಪದಲ್ಲಿ ಕೊಡುತ್ತೀರಿ

ನಾವು ಎರಡನ್ನೂ ಜಿಎಸ್‌ಟಿ ಸೇರಿಸದ ವಾಣಿಜ್ಯ ಕ್ರೆಡಿಟ್ ನೋಟಿನ ಮೂಲಕ ಡೀಲರಿನ ಖಾತೆಗೆ ಜಮೆ ಮಾಡುತ್ತೇವೆ. ಹೀಗೆ ಮಾಡಿದಾಗ ಬಿಲ್ಲಿನ 18,000 ಜಿಎಸ್‌ಟಿ ಹಾಗೆಯೇ ಉಳಿಯುತ್ತದೆ, ಡೀಲರು ಪಡೆದ ಇನ್‌ಪುಟ್ ಕ್ರೆಡಿಟ್ಟೂ 18,000ವಾಗಿಯೇ ಉಳಿಯುತ್ತದೆ. ‘2,000ಕ್ಕೆ 360 ಜಿಎಸ್‌ಟಿ ಸೇರಿಸಿ ಕೊಡಿ’ ಎಂದು ಕೇಳುವವರಿಗೆ, ಹಾಗೆ ಕೊಟ್ಟರೆ ಆ 360ನ್ನು ಅವರು ತಮ್ಮ ಇನ್‌ಪುಟ್ ಕ್ರೆಡಿಟ್‌ನಿಂದ ವಾಪಸು ಮಾಡಬೇಕಾಗುತ್ತದೆ, ಕೊನೆಗೆ ಉಳಿಯುವುದು ಅದೇ 2,000 ಎಂದು ವಿವರಿಸಿ. ಜಿಎಸ್‌ಟಿ ಇಲ್ಲದ ಇಂಥ ಕ್ರೆಡಿಟ್ ನೋಟಿಗೆ ಡೀಲರು ಇನ್‌ಪುಟ್ ಕ್ರೆಡಿಟ್ ವಾಪಸು ಮಾಡಬೇಕಿಲ್ಲ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2025ರ ಸೆಪ್ಟೆಂಬರ್ 12ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಜಿಎಸ್‌ಟಿ ಕಡಿತಗೊಳಿಸುವ ಕ್ರೆಡಿಟ್ ನೋಟನ್ನೇ ಕೊಡಬೇಕೆಂದಿದ್ದರೆ ಷರತ್ತುಗಳೂ ಗಡುವೂ ಬೇರೆ ಇವೆ. ಅದನ್ನು ನಿಮ್ಮ ತೆರಿಗೆ ಸಲಹೆಗಾರರೊಂದಿಗೆ ಮೊದಲೇ ತೀರ್ಮಾನಿಸಿಕೊಳ್ಳಿ.

ರಿಬೇಟಿನ ಬದಲು ಚಿನ್ನದ ನಾಣ್ಯ ಅಥವಾ ಪ್ರವಾಸ ಕೊಡುವ ಯೋಚನೆಯಿದ್ದರೆ ಒಂದು ಎಚ್ಚರಿಕೆ. 2022ರ ಜುಲೈ 1ರಿಂದ, ಒಬ್ಬರಿಗೆ ವರ್ಷಕ್ಕೆ 20,000 ರೂಪಾಯಿ ಮೀರಿದ ಇಂಥ ಲಾಭಗಳಿಗೆ ಶೇ. 10ರ ಟಿಡಿಎಸ್ ನಿಯಮ ಬಂದಿದೆ. ಮಾರಾಟದ ರಿಬೇಟ್ ಮತ್ತು ಕ್ಯಾಶ್ ಡಿಸ್ಕೌಂಟನ್ನು ಅದರಿಂದ ಹೊರಗಿಡಲಾಗಿದೆ.

ಐದನೆಯ ಹೆಜ್ಜೆ: ಪತ್ರ

ಮೇಲಿನ ಮದ್ದೂರಿನ ಅಂಗಡಿಗೆ ಹೋಗುವ ಪತ್ರ ಹೀಗಿರಬಹುದು.

> ಮಾನ್ಯರೇ,
>
> ಫೆಬ್ರುವರಿ 20ರವರೆಗೆ ತಾವು ನಮ್ಮಲ್ಲಿ ಖರೀದಿಸಿದ ಸರಕಿನ ಬೆಲೆ, ಜಿಎಸ್‌ಟಿ ಬಿಟ್ಟು, 20,20,000 ರೂಪಾಯಿ. ವಾಪಸು ಬಂದ ಸರಕು 48,000 ಮತ್ತು ನೆಟ್ ದರದ ಸರಕು 1,12,000 ಕಳೆದರೆ ರಿಬೇಟಿಗೆ ಅರ್ಹವಾದ ವಹಿವಾಟು 18,60,000 ರೂಪಾಯಿ.
>
> ಈ ವಹಿವಾಟಿಗೆ ಇಂದಿನ ಲೆಕ್ಕದಲ್ಲಿ ಶೇ. 1ರಂತೆ 18,600 ರೂಪಾಯಿ ರಿಬೇಟ್ ಆಗುತ್ತದೆ. ಮಾರ್ಚ್ 31ರೊಳಗೆ ಇನ್ನೂ 1,40,000 ರೂಪಾಯಿಯ ಸರಕು ಖರೀದಿಸಿ 20 ಲಕ್ಷ ಮುಟ್ಟಿದರೆ ಮೊದಲ ರೂಪಾಯಿಯಿಂದ ಇಡೀ ವಹಿವಾಟಿಗೆ ಶೇ. 1.5ರಂತೆ 30,000 ರೂಪಾಯಿ ಆಗುತ್ತದೆ. ಮಾರಾಟವಾಗುವ ಸರಕನ್ನು ಮಾತ್ರ ಖರೀದಿಸಬೇಕೆಂದು ವಿನಂತಿ. ಮಾರ್ಚ್ ಬಿಲ್ಲಿನ ಸರಕು ಏಪ್ರಿಲ್ 30ರೊಳಗೆ ವಾಪಸು ಬಂದರೆ ಈ ವರ್ಷದ ವಹಿವಾಟಿನಿಂದ ಕಳೆಯಲಾಗುವುದು.
>
> ಕ್ಯಾಶ್ ಡಿಸ್ಕೌಂಟಿನ ವಿಷಯದಲ್ಲಿ, 6,00,000 ರೂಪಾಯಿಯ ಬಿಲ್ಲುಗಳಿಗೆ 7 ದಿನಗಳೊಳಗೆ ಹಣ ಕಟ್ಟಿ 12,000 ರೂಪಾಯಿಯನ್ನೂ, 4,00,000 ರೂಪಾಯಿಯ ಬಿಲ್ಲುಗಳಿಗೆ 21 ದಿನಗಳೊಳಗೆ ಕಟ್ಟಿ 4,000 ರೂಪಾಯಿಯನ್ನೂ ತಾವು ಉಳಿಸಿದ್ದೀರಿ. ಉಳಿದ 8,60,000 ರೂಪಾಯಿಯ ಬಿಲ್ಲುಗಳಲ್ಲಿ 5,00,000ಕ್ಕೆ ಏಳು ದಿನಗಳೊಳಗೆ ಹಣ ಬಂದಿದ್ದರೆ ಇನ್ನೂ 10,000 ರೂಪಾಯಿ ಡಿಸ್ಕೌಂಟ್ ಸಿಗುತ್ತಿತ್ತು. ತಮ್ಮ ಸಾಲದ ಬಡ್ಡಿ ವರ್ಷಕ್ಕೆ ಶೇ. 16.5ಕ್ಕಿಂತ ಕಡಿಮೆಯಿದ್ದರೆ ಏಳು ದಿನಗಳೊಳಗೆ ಕಟ್ಟುವುದು ತಮಗೆ ಲಾಭಕರ.
>
> ಮಾರ್ಚ್ ತಿಂಗಳ ಬಿಲ್ಲುಗಳ ಹಣ ಮೇ 15ರೊಳಗೆ ಪೂರ್ತಿ ಸಂದಾಯವಾದ ಮೇಲೆ ರಿಬೇಟಿನ ಕ್ರೆಡಿಟ್ ನೋಟ್ ಮೇ 31ರೊಳಗೆ ತಮ್ಮ ಖಾತೆಗೆ ಜಮೆಯಾಗುತ್ತದೆ. ಮೇಲಿನ ಅಂಕಿಗಳು ತಮ್ಮ ಲೆಡ್ಜರಿಗೆ ಹೊಂದದಿದ್ದರೆ ಮಾರ್ಚ್ 10ರೊಳಗೆ ತಿಳಿಸಬೇಕಾಗಿ ಕೋರುತ್ತೇವೆ.
>
> ಇಂತಿ ತಮ್ಮ ವಿಶ್ವಾಸಿ

ಸ್ಲ್ಯಾಬುಗಳನ್ನೂ ದಿನ ಎಣಿಸುವ ನಿಯಮಗಳನ್ನೂ ಈ ಪತ್ರದ ಹಿಂಬದಿಯಲ್ಲಿ ಅಚ್ಚು ಹಾಕಿಸುವುದು ಅನುಕೂಲ. ಮುಂಬದಿಯಲ್ಲಿ ಡೀಲರಿನ ಲೆಕ್ಕ ಮಾತ್ರ ಇರಲಿ.

ಮೇ 15 ಎಂಬ ತಾರೀಖು ಸುಮ್ಮನೆ ಬಂದದ್ದಲ್ಲ. ಮಾರ್ಚ್ 31ರ ಬಿಲ್ಲಿಗೆ ನಲವತ್ತೈದನೆಯ ದಿನ ಅದೇ.

ಕಳಿಸುವ ಮುನ್ನ

ಮೂರು ಡೀಲರುಗಳ ಪತ್ರಗಳನ್ನು ಆರಿಸಿ: ಒಬ್ಬರು ಸ್ಲ್ಯಾಬಿನ ಅಂಚಿನಲ್ಲಿರುವವರು, ಒಬ್ಬರು ಹೆಚ್ಚು ಸರಕು ವಾಪಸು ಕಳಿಸಿದವರು, ಒಬ್ಬರು ಹಳೆಯ ಬಾಕಿ ಇರುವವರು. ಪತ್ರ ಬರೆದವರಲ್ಲದೆ ಅಂಗಡಿಯ ಬೇರೊಬ್ಬರು ಲೆಡ್ಜರನ್ನು ನೋಡಿ, ಪತ್ರದ ನಿಯಮಗಳಿಂದಲೇ ಅವರ ಮೊತ್ತಗಳನ್ನು ಕೈಯಲ್ಲಿ ಲೆಕ್ಕ ಹಾಕಲಿ. ಒಂದು ರೂಪಾಯಿ ವ್ಯತ್ಯಾಸ ಬಂದರೂ ತಪ್ಪಿರುವುದು ಗುಣಾಕಾರದಲ್ಲೋ ವಾಕ್ಯದಲ್ಲೋ ಎಂದು ಹುಡುಕಬೇಕು. ನಮ್ಮಲ್ಲಿ ಹೀಗೆ ನೋಡಿದ ಮೊದಲ ವರ್ಷ ಸಿಕ್ಕಿದ ತಪ್ಪು ವಾಕ್ಯದ್ದಾಗಿತ್ತು: ವಾಪಸು ಬಂದ ಸರಕನ್ನು ಜಿಎಸ್‌ಟಿ ಸೇರಿಸಿ ಕಳೆಯಬೇಕೋ ಬಿಟ್ಟು ಕಳೆಯಬೇಕೋ ಎಂದು ನಾವು ಬರೆದೇ ಇರಲಿಲ್ಲ.